ಒಂದೇ ದೊಡ್ಡ ಹೆಡ್ ಇದ್ದರೆ ಸಾಲದೇ?

ಭಾಷಾ ಮಾಡೆಲ್‌ಗಳ ಅಟೆನ್ಷನ್‌ನಲ್ಲಿ ಒಂದು ದೊಡ್ಡ ಹೆಡ್ ಬದಲು ಹಲವು ಸಣ್ಣ ಹೆಡ್ ಯಾಕೆ ಇಡುತ್ತಾರೆ, ಅವು ಏನು ಕಲಿಯುತ್ತವೆ ಅಂತ ಮೊನ್ನೆ ಮಾತಾಡಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆದಿದ್ದೇನೆ. ಬೋರ್ಡ್ ಮೇಲೆ ಗೀಚಿದ ಚಿತ್ರಗಳು ಇಲ್ಲಿಲ್ಲ, ಅವುಗಳ ಬದಲು ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಶುರುವಿಗೆ ಒಂದು ವಾಕ್ಯ ಇಟ್ಟುಕೊಳ್ಳೋಣ: "ಕಾಡಿನಲ್ಲಿ ಹುಲಿಯನ್ನು ಸುಮಾ ನೋಡಿದಳು." ನಾಲ್ಕೇ ಪದ. ನಿಜವಾದ ಮಾಡೆಲ್ ಈ ಪದಗಳನ್ನು ಇನ್ನೂ ಸಣ್ಣ ಟೋಕನ್‌ಗಳಾಗಿ ಒಡೆಯುತ್ತದೆ, ಆದರೆ ಇವತ್ತಿಗೆ ಒಂದು ಪದ ಅಂದರೆ ಒಂದು ಟೋಕನ್ ಅಂದುಕೊಳ್ಳಿ.

ಈಗ "ನೋಡಿದಳು" ಅನ್ನುವ ಪದದ ಜಾಗದಲ್ಲಿ ಕೂತು ನೋಡಿ. ಅದಕ್ಕೆ ಬೇರೆ ಪದಗಳಿಂದ ಏನೇನು ಬೇಕು? ಯಾರು ನೋಡಿದ್ದು, ಏನನ್ನು ನೋಡಿದ್ದು, ಎಲ್ಲಿ ನೋಡಿದ್ದು. ಮೂರು ಬೇರೆ ಬೇರೆ ಪ್ರಶ್ನೆ, ಮೂರಕ್ಕೂ ಉತ್ತರ ಬೇರೆ ಬೇರೆ ಪದದಲ್ಲಿದೆ. ಮತ್ತು ಮೂರೂ ಒಟ್ಟಿಗೇ ಬೇಕು.

ಇವನ್ನು ಬೇರೆ ಪದಗಳಿಂದ ತಂದುಕೊಡುವುದೇ ಅಟೆನ್ಷನ್. ಅದು ಕೆಲಸ ಮಾಡುವ ರೀತಿಯನ್ನು ಬೇಗ ಹೇಳಿಬಿಡುತ್ತೇನೆ. ಪ್ರತಿ ಪದವೂ ಮೂರು ವೆಕ್ಟರ್ ಮಾಡಿಕೊಳ್ಳುತ್ತದೆ. ಕ್ವೆರಿ ಅಂದರೆ "ನನಗೆ ಏನು ಬೇಕು", ಕೀ ಅಂದರೆ "ನನ್ನ ಹತ್ತಿರ ಏನಿದೆ", ವ್ಯಾಲ್ಯೂ ಅಂದರೆ "ನನ್ನನ್ನು ಆರಿಸಿಕೊಂಡರೆ ಕೊಡುವ ಮಾಲು". "ನೋಡಿದಳು"ವಿನ ಕ್ವೆರಿಯನ್ನು ಎಲ್ಲಾ ಪದಗಳ ಕೀಗಳ ಜೊತೆ ಗುಣಿಸಿ ಕೂಡಿದರೆ ಒಂದೊಂದು ಪದಕ್ಕೂ ಒಂದು ಅಂಕ ಬರುತ್ತದೆ. ಆ ಅಂಕಗಳನ್ನು ಸಾಫ್ಟ್‌ಮ್ಯಾಕ್ಸ್‌ಗೆ ಹಾಕಿದರೆ ಒಟ್ಟು 1 ಆಗುವ ಹಾಗೆ ಪಾಲುಗಳು ಸಿಗುತ್ತವೆ. ಆ ಪಾಲಿನ ಪ್ರಕಾರ ವ್ಯಾಲ್ಯೂಗಳನ್ನು ಬೆರೆಸಿದರೆ ಮುಗಿಯಿತು.

ತೊಂದರೆ ಇರುವುದು "ಬೆರೆಸಿದರೆ" ಅನ್ನುವ ಆ ಪದದಲ್ಲೇ. ಈ ಇಡೀ ಲೆಕ್ಕವನ್ನು ಒಂದು ಸಲ ಮಾಡುವ ಘಟಕಕ್ಕೆ ಹೆಡ್ ಅನ್ನುತ್ತಾರೆ. ಒಂದು ಹೆಡ್ ಅಂದರೆ ಒಂದು ಪದಕ್ಕೆ ಒಂದೇ ಪಾಲುಪಟ್ಟಿ, ಕೊನೆಗೆ ಸಿಗುವುದು ಒಂದೇ ಸರಾಸರಿ.

ಸಣ್ಣ ಅಂಕಿ ಇಟ್ಟು ಮಾಡಿ ನೋಡೋಣ. ಸುಮಾಳ ವ್ಯಾಲ್ಯೂ (4, 0), ಹುಲಿಯದು (0, 4) ಅಂದುಕೊಳ್ಳಿ. ನಮ್ಮ ಒಂಟಿ ಹೆಡ್‌ಗೆ ಯಾರು, ಏನನ್ನು ಎರಡೂ ಬೇಕು, ಹಾಗಾಗಿ ಅರ್ಧರ್ಧ ಪಾಲು ಕೊಡುತ್ತದೆ. ಸಿಗುವುದು (2, 2). ಈಗ ಇನ್ನೊಂದು ವಾಕ್ಯ: "ಸುಮಾಳನ್ನು ಹುಲಿ ನೋಡಿತು." ಇಲ್ಲೂ ಅರ್ಧರ್ಧ. ಇಲ್ಲೂ (2, 2). ಒಂದರಲ್ಲಿ ಸುಮಾ ಹುಲಿಯನ್ನು ನೋಡಿದ್ದಾಳೆ, ಇನ್ನೊಂದರಲ್ಲಿ ಹುಲಿ ಸುಮಾಳನ್ನು ನೋಡಿದೆ, ಸುಮಾಳ ಮಟ್ಟಿಗಂತೂ ಇದು ಸಣ್ಣ ವ್ಯತ್ಯಾಸ ಅಲ್ಲ! ಆದರೆ ಕೂಡಿದ ಮೇಲೆ ಎರಡೂ ಒಂದೇ.

ಈಗ ಎರಡು ಹೆಡ್ ಕೊಡಿ. ಮೊದಲನೆಯದು "ಯಾರು" ಅಂತ ಹುಡುಕುತ್ತದೆ, ಎರಡನೆಯದು "ಏನನ್ನು" ಅಂತ ಹುಡುಕುತ್ತದೆ. ಮೊದಲ ವಾಕ್ಯದಲ್ಲಿ ಒಂದನೇ ಹೆಡ್ (4, 0) ತರುತ್ತದೆ, ಎರಡನೆಯದು (0, 4) ತರುತ್ತದೆ. ಇವನ್ನು ಕೂಡುವುದಿಲ್ಲ, ಪಕ್ಕ ಪಕ್ಕ ಇಡುತ್ತೇವೆ: (4, 0, 0, 4). ಎರಡನೇ ವಾಕ್ಯಕ್ಕೆ (0, 4, 4, 0). ಈಗ ಯಾರು ಯಾರನ್ನು ನೋಡಿದರು ಅನ್ನುವುದು ಉಳಿಯಿತು. ತಂದ ಮಾಲು ಅದೇ, ಇಟ್ಟ ಜಾಗ ಬೇರೆ.

ಇಲ್ಲಿ ಮುಂದಿನ ಸಾಲಿನಲ್ಲಿದ್ದವರೊಬ್ಬರು ತಡೆದರು. "ಹುಲಿಯನ್ನು ಅನ್ನುವ ಪದದಲ್ಲೇ ‘ಅನ್ನು’ ಪ್ರತ್ಯಯ ಇದೆಯಲ್ಲ, ಅದು ವ್ಯಾಲ್ಯೂ ಒಳಗೇ ಇದ್ದರೆ ಸರಾಸರಿ ಮಾಡಿದರೂ ಗೊತ್ತಾಗುತ್ತೆ ಅಲ್ವಾ?" ಗೊತ್ತಾಗುತ್ತದೆ, ಅವರು ಹೇಳಿದ್ದು ಸರಿ. ನನ್ನ ಎರಡಂಕಿಯ ವೆಕ್ಟರ್‌ನಲ್ಲಿ ಪ್ರತ್ಯಯಕ್ಕೆ ಜಾಗವೇ ಇಲ್ಲ, ಮುಂದೆ ನೋಡಲಿರುವ ನಿಜವಾದ ಮಾಡೆಲ್‌ನಲ್ಲಿ ಅದು 512 ಅಂಕಿಯದು, ಅಲ್ಲಿ ತಕ್ಕಮಟ್ಟಿಗೆ ಎರಡನ್ನೂ ಬೇರೆ ಬೇರೆ ದಿಕ್ಕಿನಲ್ಲಿ ತುಂಬಬಹುದು. ಹಾಗಾಗಿ ಒಂಟಿ ಹೆಡ್‌ನಿಂದ ಇದು ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆಗ ಪದವೇ ಮೊದಲೇ ತನ್ನ ಪಾತ್ರ ಏನು ಅಂತ ತಿಳಿದು ಹೊತ್ತುಕೊಂಡು ಬಂದಿರಬೇಕು. ಪಾತ್ರ ಏನು ಅಂತ ಕಂಡುಹಿಡಿಯುವುದೇ ಅಟೆನ್ಷನ್‌ನ ಕೆಲಸ ಆಗಿದ್ದಾಗ ಅದು ಕಷ್ಟ.

ಇನ್ನೊಂದು ಕಷ್ಟ ಸಾಫ್ಟ್‌ಮ್ಯಾಕ್ಸ್‌ನದು. ಅರ್ಧರ್ಧ ಪಾಲು ಅಂತ ನಾನು ಸುಲಭವಾಗಿ ಹೇಳಿಬಿಟ್ಟೆ. ಅದು ಬರಬೇಕಾದರೆ ಸುಮಾ ಮತ್ತು ಹುಲಿ ಎರಡರ ಅಂಕವೂ ಸರಿಸಮ ಇರಬೇಕು. ಬರೀ 1 ವ್ಯತ್ಯಾಸ ಬಂದರೆ ಪಾಲು 73ಕ್ಕೆ 27 ಆಗುತ್ತದೆ. 3 ವ್ಯತ್ಯಾಸ ಬಂದರೆ 95ಕ್ಕೆ 5, ಅಂದರೆ ಎರಡನೆಯದು ಹೆಚ್ಚುಕಡಿಮೆ ಕಾಣೆ. ಸಾಫ್ಟ್‌ಮ್ಯಾಕ್ಸ್‌ಗೆ ಒಬ್ಬರನ್ನು ಗೆಲ್ಲಿಸುವ ಚಟ ಇದೆ. ಆ ಚಟ ಒಂದೇ ಉತ್ತರ ಹುಡುಕುವಾಗ ಒಳ್ಳೆಯದು, ಮೂರು ಉತ್ತರವನ್ನು ಒಟ್ಟಿಗೆ ತೂಗಿ ಹಿಡಿಯುವಾಗ ಕೆಟ್ಟದ್ದು. ಎಂಟು ಹೆಡ್ ಇದ್ದರೆ ಎಂಟು ಸಾಫ್ಟ್‌ಮ್ಯಾಕ್ಸ್, ಒಂದೊಂದೂ ತನ್ನ ಪಾಡಿಗೆ ಒಬ್ಬರನ್ನು ಗೆಲ್ಲಿಸಿಕೊಳ್ಳಲಿ, ಜಗಳ ಇಲ್ಲ.

ಸರಿ, ಹಲವು ಹೆಡ್ ಬೇಕು. ಸಣ್ಣದು ಯಾಕೆ ಆಗಬೇಕು? ಇದಕ್ಕೆ ಉತ್ತರ ಮುಖ್ಯವಾಗಿ ಖರ್ಚು.

ಅಟೆನ್ಷನ್ ಮೇಲೆ ಕಟ್ಟಿದ ಮಾಡೆಲ್‌ಗಳಿಗೆ ಟ್ರಾನ್ಸ್‌ಫಾರ್ಮರ್ ಅನ್ನುತ್ತಾರೆ. 2017ರಲ್ಲಿ ಬಂದ ಮೊದಲ ಟ್ರಾನ್ಸ್‌ಫಾರ್ಮರ್‌ನ ಬೇಸ್ ಮಾಡೆಲ್ ತೆಗೆದುಕೊಳ್ಳಿ. ಪದದ ವೆಕ್ಟರ್ 512 ಅಂಕಿ ಉದ್ದ, ಹೆಡ್ 8. ಒಂದೊಂದು ಹೆಡ್‌ಗೂ ಪೂರ್ತಿ 512 ಕೊಟ್ಟಿದ್ದರೆ ಅಟೆನ್ಷನ್‌ನ ತೂಕಗಳು, ಅಂದರೆ ಮಾಡೆಲ್ ಕಲಿತುಕೊಳ್ಳುವ ಅಂಕಿಗಳು, ಎಂಟು ಪಟ್ಟು ಆಗುತ್ತಿದ್ದವು, ಲೆಕ್ಕವೂ ಅಷ್ಟೇ ಪಟ್ಟು. ಅದನ್ನು ಕಟ್ಟಿದವರು ಮಾಡಿದ್ದು 512 ಅನ್ನು 8 ಪಾಲು ಮಾಡಿ ಒಂದೊಂದಕ್ಕೆ 64 ಕೊಟ್ಟದ್ದು. ಆಗ ಕ್ವೆರಿ, ಕೀ, ವ್ಯಾಲ್ಯೂ, ಕೊನೆಯ ಔಟ್‌ಪುಟ್ ಮೇಟ್ರಿಕ್ಸ್ ನಾಲ್ಕೂ ಸೇರಿ 4 × 512 × 512, ಅಂದರೆ ಹತ್ತಿರ ಹತ್ತಿರ ಹತ್ತೂವರೆ ಲಕ್ಷ ತೂಕ. ಒಂದು ಹೆಡ್ ಇಟ್ಟರೂ ಅಷ್ಟೇ, ಎಂಟು ಇಟ್ಟರೂ ಅಷ್ಟೇ. ಗುಣಾಕಾರದ ಲೆಕ್ಕವೂ ಬದಲಾಗುವುದಿಲ್ಲ. ಸಾಫ್ಟ್‌ಮ್ಯಾಕ್ಸ್ ಮಾತ್ರ ಎಂಟು ಸಲ ಮಾಡಬೇಕು, ಪಾಲುಪಟ್ಟಿಗಳನ್ನು ಇಡಲು ಮೆಮೊರಿ ಅಷ್ಟು ಜಾಸ್ತಿ ಬೇಕು. ಒಟ್ಟಿನಲ್ಲಿ ಎಂಟು ಪಾಲುಪಟ್ಟಿ ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕಿದವು.

ಪೂರ್ತಿ ಪುಕ್ಕಟೆ ಅಲ್ಲ. ಬೆಲೆ ಕಟ್ಟಿದ್ದು ಬೇರೆ ಕಡೆ. 64 ಅಂಕಿಯ ಕ್ವೆರಿ ಮತ್ತು ಕೀ ಇರುವ ಹೆಡ್, ಎರಡು ಪದಗಳನ್ನು ಹೋಲಿಸುವಾಗ ಹೆಚ್ಚೆಂದರೆ 64 ದಿಕ್ಕಿನಲ್ಲಿ ಮಾತ್ರ ನೋಡಬಲ್ಲದು. ಉಳಿದದ್ದು ಅದರ ಕಣ್ಣಿಗೆ ಬೀಳುವುದಿಲ್ಲ. "ನಾನು ಕ್ರಿಯಾಪದ, ನನಗೆ ಕರ್ತೃ ಬೇಕು" ಅನ್ನುವುದಕ್ಕೆ 64 ಧಾರಾಳ. ಆದರೆ ಹೆಡ್ ಅನ್ನು ಒಡೆಯುತ್ತಾ ಹೋದರೆ ಒಂದು ಹಂತದಲ್ಲಿ ಪ್ರಶ್ನೆಯನ್ನು ಸರಿಯಾಗಿ ಕೇಳಲೂ ಜಾಗ ಸಾಲುವುದಿಲ್ಲ.

ಇದನ್ನು ಆ ಮಾಡೆಲ್ ಬಗ್ಗೆ ಬರೆದ 2017ರ ಪ್ರಬಂಧದಲ್ಲೇ ಅಳೆದು ತೋರಿಸಿದ್ದಾರೆ. ಇಂಗ್ಲಿಷ್‌ನಿಂದ ಜರ್ಮನ್‌ಗೆ ಅನುವಾದ, ಒಟ್ಟು ಲೆಕ್ಕ ಬದಲಾಗದ ಹಾಗೆ ಹೆಡ್ ಸಂಖ್ಯೆ ಮಾತ್ರ ಬದಲಿಸಿದ್ದು. ಅನುವಾದದ ಗುಣಕ್ಕೆ ಬ್ಲೂ ಅನ್ನುವ ಅಂಕ, ಜಾಸ್ತಿ ಇದ್ದಷ್ಟೂ ಒಳ್ಳೆಯದು. 512 ಅಂಕಿಯ ಒಂದೇ ಹೆಡ್‌ಗೆ 24.9 ಬಂತು. 128ರ ನಾಲ್ಕಕ್ಕೆ 25.5, 64ರ ಎಂಟಕ್ಕೆ 25.8, 32ರ ಹದಿನಾರಕ್ಕೂ 25.8. ಆಮೇಲೆ 16ರ ಮೂವತ್ತೆರಡು ಹೆಡ್‌ಗೆ ಮತ್ತೆ 25.4ಕ್ಕೆ ಇಳಿಯಿತು. ಗುಡ್ಡದ ಆಕಾರ, ಮೇಲೆ ಸಾಕಷ್ಟು ಚಪ್ಪಟೆ. ನನಗೆ ಇದರಲ್ಲಿ ಇಷ್ಟವಾಗುವುದು ಒಂಟಿ ಹೆಡ್‌ನ ಅಂಕ. ಅದು ಸೋತಿದೆ, ಆದರೆ 0.9ರಿಂದ ಮಾತ್ರ ಸೋತಿದೆ. ಒಂಟಿ ಹೆಡ್ ಕೆಲಸಕ್ಕೇ ಬರುವುದಿಲ್ಲ ಅನ್ನುವ ಹಾಗೆ ಕೆಲವರು ಬರೆಯುತ್ತಾರೆ, ಅದು ಜಾಸ್ತಿ ಆಯಿತು. ಮಾಡೆಲ್‌ನಲ್ಲಿ ಇದೇ ಲೆಕ್ಕ ಲೇಯರ್ ಮೇಲೆ ಲೇಯರ್ ಆಗಿ ಮತ್ತೆ ಮತ್ತೆ ನಡೆಯುತ್ತದಲ್ಲ, ಒಂದು ಲೇಯರ್‌ನಲ್ಲಿ "ಯಾರು", ಮುಂದಿನದರಲ್ಲಿ "ಏನನ್ನು" ಅಂತ ಸರದಿಯಲ್ಲಿ ಕೇಳಿಕೊಂಡು ಹೇಗೋ ಸಂಭಾಳಿಸಬಹುದು.

ಕೋಡ್‌ನಲ್ಲಿ ಈ ಒಡೆಯುವ ಕೆಲಸ ಒಂದೇ ಸಾಲು. ಆ ಒಂದು ಸಾಲಿನಲ್ಲಿ ನಾನು ನಾಲ್ಕು ದಿನ ಕಳೆದಿದ್ದೇನೆ, ಅದನ್ನು ಹೇಳಿಬಿಡುತ್ತೇನೆ.

```python
# ನಾನು ಬರೆದದ್ದು
q = q.view(B, h, T, d)

# ಬರೆಯಬೇಕಿದ್ದದ್ದು
q = q.view(B, T, h, d).transpose(1, 2)
```

`q` ಕ್ವೆರಿ, ಕೀ ಮತ್ತು ವ್ಯಾಲ್ಯೂಗಳಿಗೂ ಇದೇ ಥರದ ಸಾಲು. `B` ಬ್ಯಾಚ್, `T` ಪದಗಳ ಸಂಖ್ಯೆ, `h` ಹೆಡ್, `d` ಒಂದು ಹೆಡ್‌ನ ಅಗಲ. ಎರಡೂ ಸಾಲಿನಿಂದ ಬರುವ ಆಕಾರ ಒಂದೇ, ಎರರ್ ಬರುವುದಿಲ್ಲ. ಆದರೆ ಮೊದಲನೆಯದು ಪದದ ವೆಕ್ಟರ್ ಅನ್ನು ಅಡ್ಡಕ್ಕೆ ಹೋಳು ಮಾಡುವ ಬದಲು ವಾಕ್ಯವನ್ನೇ ಹೋಳು ಮಾಡಿಬಿಡುತ್ತದೆ. ನನ್ನ ಮಾಡೆಲ್‌ನಲ್ಲಿ 256 ಟೋಕನ್, 8 ಹೆಡ್, ಅದು ಹಿಂದಿನ ಪದಗಳನ್ನಷ್ಟೇ ನೋಡಿ ಮುಂದಿನದನ್ನು ಊಹಿಸುವಂಥದ್ದು. ಹಾಗಾಗಿ ಒಂದನೇ ಹೆಡ್‌ಗೆ ಮೊದಲ 32 ಟೋಕನ್ ಮಾತ್ರ ಸಿಕ್ಕಿತು, ಎರಡನೆಯದಕ್ಕೆ ಮುಂದಿನ 32, ಹೀಗೆ. ವಾಪಸ್ ಜೋಡಿಸುವಾಗಲೂ ಅದೇ ತಪ್ಪು ಮಾಡಿದ್ದರಿಂದ ಎಲ್ಲಾ ತನ್ನ ತನ್ನ ಜಾಗಕ್ಕೇ ಬಂದು ಕೂತಿತು. ಪ್ರತಿ ಲೇಯರ್‌ನಲ್ಲೂ ಇದೇ ಗೋಡೆ, ಅಂದಮೇಲೆ ಒಂದು ಹೋಳಿನ ಸುದ್ದಿ ಇನ್ನೊಂದಕ್ಕೆ ದಾಟುವ ದಾರಿಯೇ ಇಲ್ಲ.

ಕೆಟ್ಟದ್ದೇನು ಅಂದರೆ ಟ್ರೇನಿಂಗ್ ನಡೆಯುತ್ತದೆ. ಲಾಸ್, ಅಂದರೆ ಊಹೆಯ ತಪ್ಪಿನ ಅಳತೆ, ಇಳಿಯುತ್ತದೆ, ಮಾಡೆಲ್ ಏನೋ ಬರೆಯುತ್ತದೆ. ಸ್ವಲ್ಪ ಮೇಲೆಯೇ ನಿಂತುಬಿಡುತ್ತದೆ ಅಷ್ಟೇ, ನಾನು ಲರ್ನಿಂಗ್ ರೇಟ್ ಮೇಲೆ ತಪ್ಪು ಹೊರಿಸಿಕೊಂಡು ಕೂತಿದ್ದೆ. ಕೊನೆಗೆ ಸಿಕ್ಕಿದ್ದು ಲಾಸ್ ಅನ್ನು ಟೋಕನ್ ಜಾಗದ ಪ್ರಕಾರ ಬಿಡಿಸಿ ಗ್ರಾಫ್ ಹಾಕಿದಾಗ. ಸಾಮಾನ್ಯವಾಗಿ ಮುಂದೆ ಹೋದ ಹಾಗೆ ಹಿಂದಿನ ಪದಗಳು ಜಾಸ್ತಿ ಕಾಣುವುದರಿಂದ ಲಾಸ್ ಇಳಿಯುತ್ತಾ ಹೋಗಬೇಕು. ನನ್ನದು ಗರಗಸದ ಹಲ್ಲಿನ ಹಾಗಿತ್ತು: ಇಳಿದು, 32 ಟೋಕನ್ ಆದ ಕೂಡಲೇ ಮೇಲೆ ಜಿಗಿದು, ಮತ್ತೆ ಇಳಿದು, 64ರಲ್ಲಿ ಮತ್ತೆ ಜಿಗಿತ. ಇದನ್ನು ಪರೀಕ್ಷಿಸಲು ಇನ್ನೂ ಸುಲಭದ ದಾರಿ ಇದೆ. ಮೊದಲ ಟೋಕನ್ ಬದಲಿಸಿ ಕೊನೆಯ ಟೋಕನ್‌ನ ಔಟ್‌ಪುಟ್ ಬದಲಾಯಿತಾ ನೋಡಿ. ನನ್ನದರಲ್ಲಿ ಒಂದು ಅಂಕಿಯೂ ಅಲ್ಲಾಡಲಿಲ್ಲ. ಒಡೆಯುವಾಗ ತಪ್ಪಿ, ಜೋಡಿಸುವಾಗ ಸರಿ ಬರೆದಿದ್ದರೆ ಕಥೆ ಬೇರೆ: ಮುಂದಿನ ಟೋಕನ್‌ಗಳು ಹಿಂದಕ್ಕೆ ಸೋರಿ, ಲಾಸ್ ನಂಬಲಾಗದಷ್ಟು ಚೆನ್ನಾಗಿ ಇಳಿಯುತ್ತದೆ.

ಈಗ ಎರಡನೇ ಭಾಗ, ಹೆಡ್‌ಗಳು ಏನು ಕಲಿಯುತ್ತವೆ. ಮೊದಲು ಒಂದು ಮಾತು: ನಾನು "ಒಂದನೇ ಹೆಡ್ ಯಾರು ಅಂತ ಹುಡುಕುತ್ತದೆ" ಅಂದೆನಲ್ಲ, ಹಾಗಂತ ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ. ಎಲ್ಲಾ ಹೆಡ್‌ಗಳ ರಚನೆ ಒಂದೇ. ಶುರುವಿನಲ್ಲಿ ತೂಕಗಳನ್ನು ಸುಮ್ನೆ ಮನಬಂದಂತೆ ತುಂಬಿರುತ್ತೇವೆ, ಆ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ಒಂದೊಂದೂ ಒಂದೊಂದು ಕಡೆ ಜಾರುತ್ತದೆ. ಎಂಟಕ್ಕೂ ಒಂದೇ ತೂಕ ತುಂಬಿದ್ದರೆ ಎಂಟೂ ಒಂದೇ ತಿದ್ದುಪಡಿ ಪಡೆದು ಕೊನೆವರೆಗೂ ಅವಳಿ ಮಕ್ಕಳ ಹಾಗೆ ಉಳಿಯುತ್ತಿದ್ದವು. ಇನ್ನೊಂದು ಸಲ ಟ್ರೇನ್ ಮಾಡಿದರೆ "ಯಾರು" ಕೆಲಸ ಐದನೇ ಹೆಡ್‌ಗೆ ಹೋಗಬಹುದು. ಹೆಡ್ ನಂಬರ್‌ಗೆ ಬೆಲೆ ಇಲ್ಲ.

2019ರಲ್ಲಿ ಈ ಬಗ್ಗೆ ಒಳ್ಳೆಯ ಕೆಲಸಗಳು ಬಂದವು. ಎಲೆನಾ ವೊಯ್ಟಾ ಮತ್ತು ಜೊತೆಗಾರರು ಅನುವಾದದ ಮಾಡೆಲ್ ಬಿಚ್ಚಿ ನೋಡಿದಾಗ ಮುಖ್ಯ ಹೆಡ್‌ಗಳಲ್ಲಿ ಮೂರು ಬಗೆ ಕಂಡವು. ಕೆಲವು ಬರೀ ಪಕ್ಕದ ಪದವನ್ನು ನೋಡುತ್ತವೆ, ಅರ್ಥದ ಗೊಡವೆಯೇ ಇಲ್ಲ. ಕೆಲವು ವ್ಯಾಕರಣದ ಸಂಬಂಧ ಹಿಡಿಯುತ್ತವೆ, ಕ್ರಿಯಾಪದದಿಂದ ಕರ್ತೃವಿಗೆ ಅನ್ನುವ ಹಾಗೆ. ಇನ್ನು ಕೆಲವು ವಾಕ್ಯದಲ್ಲಿರುವ ಅಪರೂಪದ ಪದದ ಮೇಲೆ ಕಣ್ಣಿಡುತ್ತವೆ. ಅದೇ ವರ್ಷ ಕೆವಿನ್ ಕ್ಲಾರ್ಕ್ ಮತ್ತು ಜೊತೆಗಾರರು ಬರ್ಟ್ ಮಾಡೆಲ್‌ನ 144 ಹೆಡ್‌ಗಳನ್ನು ಒಂದೊಂದಾಗಿ ನೋಡಿದರು. ಎಂಟನೇ ಲೇಯರ್‌ನ ಹತ್ತನೇ ಹೆಡ್‌ನಲ್ಲಿ, ಇಂಗ್ಲಿಷ್ ವಾಕ್ಯದ ಕರ್ಮಪದ ತನ್ನ ಕ್ರಿಯಾಪದವನ್ನು ನೂರಕ್ಕೆ 86.8 ಸಲ ಸರಿಯಾಗಿ ನೋಡುತ್ತಿತ್ತು. ಬರ್ಟ್‌ಗೆ ವ್ಯಾಕರಣ ಯಾರೂ ಕಲಿಸಿರಲಿಲ್ಲ, ಮುಚ್ಚಿಟ್ಟ ಪದ ಊಹಿಸುವುದು ಮತ್ತು ಎರಡು ವಾಕ್ಯ ಒಂದರ ಹಿಂದೆ ಒಂದು ಬಂದಿದ್ದವಾ ಅಂತ ಹೇಳುವುದು ಅಷ್ಟೇ ಕಲಿಸಿದ್ದು. ನಮ್ಮ ಹುಲಿ "ನೋಡಿದಳು"ವನ್ನು ನೋಡುವ ಕೆಲಸ ಹೆಚ್ಚುಕಡಿಮೆ ಇದೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇಂಡಕ್ಷನ್ ಹೆಡ್. ಒಂದು ಕಥೆಯಲ್ಲಿ "ಟಿಂಬು ಲಕೋರಿ" ಅನ್ನುವ ಪಾತ್ರ ಬರುತ್ತದೆ ಅಂದುಕೊಳ್ಳಿ. ಈ ಹೆಸರನ್ನು ನಾನು ಈಗ ತಾನೇ ಕಟ್ಟಿದ್ದು, ಮಾಡೆಲ್ ಕೇಳಿರುವ ಸಾಧ್ಯತೆ ಇಲ್ಲ. ಎರಡು ಪುಟ ಆದ ಮೇಲೆ ಮತ್ತೆ "ಟಿಂಬು" ಬಂತು. ಮುಂದಿನ ಪದ ಏನು? ನೀವೆಲ್ಲ ಲಕೋರಿ ಅಂದಿರಿ. ಮಾಡೆಲ್ ಕೂಡ ಹಾಗೇ ಹೇಳುತ್ತದೆ, ಮತ್ತು ಅದು ಎರಡು ಹೆಡ್‌ಗಳ ಕೈಕೆಲಸ.

ಮೊದಲು, ಕೆಳಗಿನ ಲೇಯರ್‌ನಲ್ಲಿ ಹಿಂದಿನ ಪದವನ್ನು ಮಾತ್ರ ನೋಡುವ ಹೆಡ್ ಒಂದಿರುತ್ತದೆ. ಅದು ಮೊದಲ ಸಲ ಬಂದ "ಲಕೋರಿ" ಮೇಲೆ "ನನ್ನ ಹಿಂದೆ ಟಿಂಬು ಇತ್ತು" ಅಂತ ಚೀಟಿ ಅಂಟಿಸುತ್ತದೆ. ಆಮೇಲೆ, ಮೇಲಿನ ಲೇಯರ್‌ನಲ್ಲಿ ಎರಡನೇ ಸಲದ "ಟಿಂಬು" ತನ್ನ ಕ್ವೆರಿಯಲ್ಲಿ "ಹಿಂದೆ ಟಿಂಬು ಇತ್ತು ಅನ್ನುವ ಚೀಟಿ ಯಾರ ಹತ್ತಿರ ಇದೆ?" ಅಂತ ಕೇಳುತ್ತದೆ. ಚೀಟಿ ಇರುವುದು "ಲಕೋರಿ" ಹತ್ತಿರ, ಅದನ್ನೇ ತಂದು ಕೊಡುತ್ತದೆ. ಪದದ ಅರ್ಥ ಗೊತ್ತಿರಬೇಕಾಗಿಲ್ಲ. ಹೀಗೆ ಒಂದರ ಚೀಟಿಯನ್ನು ಇನ್ನೊಂದು ಓದಲು ಎರಡು ಲೇಯರ್ ಬೇಕು. 2022ರಲ್ಲಿ ಆಂಥ್ರೋಪಿಕ್‌ನವರು ತೋರಿಸಿದ ಪ್ರಕಾರ ಟ್ರೇನಿಂಗ್ ಶುರುವಾಗಿ ಸ್ವಲ್ಪ ಹೊತ್ತಿಗೆ ಈ ಹೆಡ್‌ಗಳು ಒಮ್ಮೆಲೇ ರೂಪುಗೊಳ್ಳುತ್ತವೆ, ಆಗ ಲಾಸ್ ಗ್ರಾಫ್‌ನಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ.

ಇದನ್ನು ನೋಡಿದರೆ ಪಕ್ಕದ ಪದ ನೋಡುವ ಆ ಪೆದ್ದು ಹೆಡ್‌ನ ಬೆಲೆ ಗೊತ್ತಾಗುತ್ತದೆ. ಸಣ್ಣ ಹೆಡ್ ಸಾಕು ಅನ್ನುವುದಕ್ಕೂ ಇದೇ ಒಳ್ಳೆಯ ಉದಾಹರಣೆ: ಪಕ್ಕದ ಪದ ಯಾವುದು ಅಂತ ತಿಳಿಯಲು ಯಾರಿಗೆ 512 ಅಂಕಿ ಬೇಕು?

ಹಾಗಂತ ಎಲ್ಲಾ ಹೆಡ್‌ಗೂ ಇಂಥ ಚಂದದ ಕೆಲಸ ಇರುವುದಿಲ್ಲ. ವೊಯ್ಟಾ ಅವರು, ಮೂಲ ವಾಕ್ಯವನ್ನು ಓದುವ ಭಾಗವಾದ ಎನ್‌ಕೋಡರ್‌ನ 48 ಹೆಡ್‌ಗಳಲ್ಲಿ 38 ಕಿತ್ತು ಹಾಕಿದರು. ಬ್ಲೂ ಅಂಕ ಇಳಿದದ್ದು 0.15 ಮಾತ್ರ. ಉಳಿದ ಹತ್ತರಲ್ಲಿ ಹೆಚ್ಚಿನವು ಆ ಮೂರು ಬಗೆಯವೇ. ಹಾಗಾದರೆ ಮೊದಲೇ ಹತ್ತು ಹೆಡ್ ಇಟ್ಟರಾಯಿತಲ್ಲ ಅಂತ ಹಿಂದಿನಿಂದ ಯಾರೋ ಕೂಗಿದರು. ಅದನ್ನೂ ಮಾಡಿ ನೋಡಿದ್ದಾರೆ, ಉಳಿದ ಆಕಾರದಲ್ಲೇ ಹೊಸದಾಗಿ ಟ್ರೇನ್ ಮಾಡಿದರೆ ಅಷ್ಟು ಗುಣ ಬರಲಿಲ್ಲ. ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಆ ಮನಬಂದಂತೆ ಶುರುವಾಗುವ ಆಟ. ಜಾಸ್ತಿ ಹೆಡ್ ಇದ್ದರೆ ಯಾವುದೋ ಒಂದು ಒಳ್ಳೆಯ ಜಾಗಕ್ಕೆ ಹತ್ತಿರ ಬಿದ್ದಿರುತ್ತದೆ. ಇದು ನನ್ನ ಊಹೆ ಅಂತಲೇ ಇಟ್ಟುಕೊಳ್ಳಿ.

ಕೆಲಸ ಇಲ್ಲದ ಹೆಡ್ ಏನು ಮಾಡುತ್ತದೆ? ಸಾಫ್ಟ್‌ಮ್ಯಾಕ್ಸ್ ಪಾಲುಗಳು ಕೂಡಿ 1 ಆಗಲೇಬೇಕು, ಹಾಗಾಗಿ "ನನಗೆ ಏನೂ ಬೇಡ" ಅನ್ನುವ ಅವಕಾಶ ಅದಕ್ಕಿಲ್ಲ. ಅದು ಪಾಲನ್ನು ಒಂದು ನಿರುಪದ್ರವಿ ಜಾಗಕ್ಕೆ ಸುರಿಯುತ್ತದೆ. ಬರ್ಟ್‌ನಲ್ಲಿ ಅದು ವಾಕ್ಯ ಮುಗಿಯಿತು ಅಂತ ಗುರುತಿಗೆ ಇಡುವ `[SEP]` ಟೋಕನ್, ಜಿಪಿಟಿ ಥರದ ಮಾಡೆಲ್‌ಗಳಲ್ಲಿ ಬಹಳ ಸಲ ಮೊಟ್ಟಮೊದಲ ಟೋಕನ್. ಬರ್ಟ್‌ನ ಆರರಿಂದ ಹತ್ತನೇ ಲೇಯರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಟೆನ್ಷನ್ `[SEP]` ಮೇಲೆ ಬೀಳುತ್ತದೆ. ಹೊಸಬರು ಹೀಟ್‌ಮ್ಯಾಪ್ ನೋಡಿ "ಮಾಡೆಲ್‌ಗೆ ಮೊದಲ ಪದವೇ ಬಹಳ ಮುಖ್ಯ" ಅಂತ ಬರೆಯುವುದು ಇಲ್ಲೇ. ಪಾಲು ದೊಡ್ಡದಿದ್ದರೂ ಆ ಟೋಕನ್‌ನ ವ್ಯಾಲ್ಯೂ ತೀರಾ ಸಣ್ಣದಿದ್ದರೆ ಬರುವ ಮಾಲು ಸೊನ್ನೆಗೆ ಹತ್ತಿರ. ಹಾಗಾಗಿ ಹೀಟ್‌ಮ್ಯಾಪ್ ನೋಡಿ ಸುಮ್ಮನಾಗಬೇಡಿ, ಆ ಹೆಡ್‌ನ ಔಟ್‌ಪುಟ್ ಅನ್ನು ಸೊನ್ನೆ ಮಾಡಿ ಲಾಸ್ ಎಷ್ಟು ಏರಿತು ನೋಡಿ. ಏರದಿದ್ದರೆ ಆ ಹೆಡ್ ವಾಕ್ಯದ ಮೇಲೆ ಎಷ್ಟೇ ಚಂದದ ಚಿತ್ರ ಬಿಡಿಸಿರಲಿ, ನೀವು ಪರೀಕ್ಷೆಗೆ ಕೊಟ್ಟ ಪಠ್ಯಕ್ಕೆ ಅದು ಬೇಕಾಗಿರಲಿಲ್ಲ. ಬೇರೆ ಬಗೆಯ ಪಠ್ಯ ಕೊಟ್ಟರೆ ಅದೇ ಹೆಡ್ ಎದ್ದು ಕೂರಬಹುದು, ಒಂದೇ ಬಗೆಯದರ ಮೇಲೆ ತೀರ್ಪು ಕೊಡಬೇಡಿ.

ಕೊನೆಯ ಪ್ರಶ್ನೆ, ನಿರೀಕ್ಷಿಸಿದ್ದೇ: "ನಾನು ಎಷ್ಟು ಹೆಡ್ ಇಡಲಿ?" ಹೆಡ್ ಎಣಿಸಬೇಡಿ, ಅಗಲ ಮೊದಲು ಹಿಡಿಯಿರಿ. ಸಣ್ಣ ಜಿಪಿಟಿ-2ರಲ್ಲಿ 768 ಅಗಲ, 12 ಹೆಡ್, ಒಂದಕ್ಕೆ 64. ಜಿಪಿಟಿ-3ರ ದೊಡ್ಡದರಲ್ಲಿ 12288 ಅಗಲ, 96 ಹೆಡ್, ಒಂದಕ್ಕೆ 128. ಮಾಡೆಲ್ 16 ಪಟ್ಟು ಅಗಲ ಆದರೂ ಹೆಡ್‌ನ ಅಗಲ ಬರೀ ಎರಡು ಪಟ್ಟು ಆಗಿದೆ, ಉಳಿದದ್ದೆಲ್ಲ ಹೆಡ್ ಸಂಖ್ಯೆಗೆ ಹೋಗಿದೆ. ಕೇಳಿದವರ ಮಾಡೆಲ್ 384 ಅಗಲದ್ದಂತೆ. 64ರ ಆರು ಇಡಿ ಅಂದೆ. ಅವರು ಹನ್ನೆರಡು ಇಟ್ಟಿದ್ದರು, ಅಂದರೆ ಒಂದಕ್ಕೆ 32, ಅದೂ ಓಡುತ್ತದೆ. ಇಪ್ಪತ್ತನಾಲ್ಕಕ್ಕೆ ಹೋದರೆ ಮಾತ್ರ ಒಂದಕ್ಕೆ 16, ಅಲ್ಲಿ ಆ ಗುಡ್ಡದ ಇಳಿಜಾರು ನೆನಪಿಸಿಕೊಳ್ಳಿ.